ಈ ತುದಿ ಸ್ವಲ್ಪ ಹಿಡ್ಕೊಳ್ಳಿ

ಬಟ್ಟೆ ಕತ್ತರಿಸುವುದರಲ್ಲಿ ಟೈಲರಮ್ಮನದು ಎತ್ತಿದ ಕೈ. ಸೊಂಟ ದಾಟಿದ ತನ್ನ ಜಡೆಗೆ ಮಾತ್ರ ಕತ್ತರಿ ತಾಗಿಸುವ ಎದೆಗಾರಿಕೆ ಇರಲಿಲ್ಲ. ಪಾರ್ಲರಿಗೆ ಹೋದಾಗಲೆಲ್ಲ ಹುಬ್ಬು ತೀಡಿಸಿಕೊಂಡು ವಾಪಸು ಬರುತ್ತಿದ್ದಳು.

ಕಾರಣ ಅವಳ ಅಮ್ಮ. "ನಾನು ಬದುಕಿರೋ ತನಕ ಕತ್ತರಿ ಹಾಕಿಸ್ಬೇಡ ಪುಟ್ಟಿ" ಎಂದು ಎಂದೋ ತಾಕೀತು ಮಾಡಿದ್ದಳು. ಹೇಳುವವರಿಗೇನು, ಭಾರ ಹೊತ್ತವಳಿಗೇ ಗೊತ್ತು. ತಲೆಗೆ ನೀರು ಹಾಕಿಕೊಂಡರೆ ಸಂಜೆಯವರೆಗೂ ಒಣಗದು, ಬಗ್ಗಿ ಹೊಲಿದರೆ ಕತ್ತು ಸೆಟೆದುಕೊಳ್ಳುವುದು.

ಈಚೆಗೆ ಅಮ್ಮನಿಗೆ ಮರೆವು. ಉಂಡದ್ದು, ಮಲಗಿದ್ದು, ಸತ್ತ ಗಂಡ, ಎಲ್ಲ ಅಳಿಸಿಹೋಗಿತ್ತು. ಮಗಳು ಪಕ್ಕದಲ್ಲಿ ಕೂತರೆ ಮಾತ್ರ ಬೆನ್ನು ಸವರಿ, "ಬಂದ್ಯಾ ಪುಟ್ಟಿ?" ಎನ್ನುತ್ತಿದ್ದಳು. ಒಂದು ದಿನ ಜಡೆಯ ತುದಿ ಮೆಷಿನ್ನಿನ ಚಕ್ರಕ್ಕೆ ಸಿಕ್ಕಿ, ತಲೆ ಸೂಜಿಯ ಹತ್ತಿರಕ್ಕೇ ಹೋಯಿತು. ಸಾಕಾಯಿತು. ಎಲ್ಲ ಮರೆತವಳಿಗೆ ಆ ತಾಕೀತು ಎಲ್ಲಿ ನೆನಪಿರುತ್ತದೆ ಎಂದುಕೊಂಡು ಎದ್ದು ಹೊರಟಳು.

ಪಾರ್ಲರಿನವಳು ಸಿಕ್ಕು ಬಿಡಿಸಿ, ಭುಜದಿಂದ ಕೊಂಚ ಕೆಳಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ, ಹೆಣೆದು, ತುದಿಗೂ ಒಂದು ಹಾಕಿದಳು. ಮೇಲಿನ ಬ್ಯಾಂಡಿಗಿಂತ ಕೊಂಚ ಮೇಲೆ ಕತ್ತರಿ ಇಟ್ಟಳು. ಒಂದೇ ಏಟಿಗೆ ತುಂಡಾಗಲಿಲ್ಲ. ದಪ್ಪ ಕ್ಯಾನ್ವಾಸಿನಂತೆ ಕರಕರ ಎನ್ನುತ್ತ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟಿತು. ಆಮೇಲೆ ಕೂದಲು ಒದ್ದೆ ಮಾಡಿ, ಪಾಲು ಪಾಲಾಗಿ ಕ್ಲಿಪ್ ಹಾಕಿ, ಬೆರಳ ನಡುವೆ ಹಿಡಿದು ಭುಜದ ಮಟ್ಟಕ್ಕೆ ಸಮ ಮಾಡಿದಳು.

ಒಣಗಿದಾಗ ಅದು ಸುರುಳಿ ಸುತ್ತಿ ಕಿವಿಗೇರಿತು. ಇಷ್ಟು ವರ್ಷ ಭಾರಕ್ಕೆ ಜಗ್ಗಿ ನೆಟ್ಟಗಿದ್ದ ಕೂದಲು! ಒಗೆದರೆ ಕುಗ್ಗುವ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಬಾರದೆಂದು ಊರಿಗೆಲ್ಲ ಹೇಳುವವಳು ತಾನೇ ಮೋಸಹೋಗಿದ್ದಳು. ಆದರೂ ಕತ್ತು ಹಗುರಾಗಿತ್ತು, ಅವಳಿಗೆ ಖುಷಿಯಾಗಿತ್ತು. ಜಡೆಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದು ಅಮ್ಮನ ಪಕ್ಕ ಕೂತಳು.

ಅಮ್ಮನ ಕೈ ಬೆನ್ನಿಗೆ ಬಂತು. ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು. ಆಮೇಲೆ ಸರಕ್ಕನೆ ಹಿಂದೆ ಸರಿಯಿತು.

"ಯಾರಮ್ಮ ನೀವು? ನಮ್ಮ ಪುಟ್ಟಿ ಎಲ್ಲಿ?"

"ನಾನೇ ಅಮ್ಮ, ಪುಟ್ಟಿ."

"ನನ್ನ ಹತ್ರ ಸುಳ್ಳು ಹೇಳ್ತೀರಾ? ಅವಳಿಗೆ ಇಷ್ಟುದ್ದ ಜಡೆ ಇದೆ!"

ಬೆನ್ನು ಸವರುವುದೇ ಪ್ರೀತಿ ಎಂದು ಅವಳು ತಿಳಿದಿದ್ದಳು. ಅಮ್ಮ ಹುಡುಕುತ್ತಿದ್ದದ್ದು ಜಡೆಯನ್ನು. ಟೈಲರಮ್ಮನಿಗೆ ಸಿಟ್ಟು ಬಂತು, ಅಳುವೂ ಬಂತು. ಹೆತ್ತವಳಿಗೆ ಮುಖ ಸಾಲದೇ? ಅಮ್ಮ ಬಾಗಿಲ ಕಡೆ ನೋಡುತ್ತ "ಪುಟ್ಟೀ, ಪುಟ್ಟೀ" ಎಂದು ಕೂಗತೊಡಗಿದಾಗ ಬೇರೆ ದಾರಿ ಕಾಣದೆ ಚೀಲದಿಂದ ಜಡೆ ತೆಗೆದು ಅವಳ ಮಡಿಲಲ್ಲಿಟ್ಟಳು.

ಅಮ್ಮನ ಮುಖ ಅರಳಿತು. "ಬಂದ್ಯಾ ಪುಟ್ಟಿ? ಎಷ್ಟು ಹೊತ್ತು ಮಾಡ್ದೆ!" ಎನ್ನುತ್ತ ತುದಿಯ ಬ್ಯಾಂಡ್ ಕಳಚಿ, ಬೆರಳಲ್ಲೇ ಬಾಚಿ, ಮೂರು ಪಾಲು ಮಾಡಿದಳು. ಹೆಣೆಯಲು ಹೋದರೆ ಜಡೆ ಜಾರುತ್ತಿತ್ತು. ತಲೆಯೆತ್ತಿ ಪಕ್ಕದವಳನ್ನು ನೋಡಿದಳು.

"ಈ ತುದಿ ಸ್ವಲ್ಪ ಹಿಡ್ಕೊಳ್ಳಿ. ನಮ್ಮ ಪುಟ್ಟಿ ಒಂದು ಕಡೆ ಕೂರೋಳಲ್ಲ."

ಟೈಲರಮ್ಮ ಹಿಡಿದುಕೊಂಡಳು.