ಉಪ್ಪಿನ ಗಂಟು ಇಡುವ ಮೊದಲು

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಒಲೆಯ ಮೇಲೆ ಮೊದಲು ಕೂರುತ್ತಿದ್ದದ್ದು ಅನ್ನದ ಮಡಕೆಯಲ್ಲ, ಕಬ್ಬಿಣದ ಬಾಣಲೆ. ಅದರಲ್ಲಿ ಕಲ್ಲುಪ್ಪು ಚಟಪಟ ಅನ್ನುವ ತನಕ ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮಗ್ಗದ ಗುಂಡಿಯಿಂದ ಎದ್ದು ಬಂದವರ ಮೊಣಕಾಲಿಗೆ ಒತ್ತುತ್ತಿದ್ದೆವು. ಸೇಲಂ ಸೀಮೆಯ ಕಡಯಂಪಟ್ಟಿ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಯಾವ ಮನೆಗೆ ಹೋದರೂ ಆ ಹೊತ್ತಿಗೆ ಅದೇ ವಾಸನೆ. ಹಗಲೆಲ್ಲ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವವರಿಗೆ ಮೊಣಕಾಲು ನೋಯದೆ ಇನ್ನೇನು ನೋಯಬೇಕು? ಯಾರಾದರೂ ಕಾಲು ನೋವು ಅಂದರೆ ನಾವು ಮುಖ ಕೂಡ ನೋಡುತ್ತಿರಲಿಲ್ಲ, ಬಾಣಲೆ ಹುಡುಕುತ್ತಿದ್ದೆವು.

ನನ್ನ ಮೈದುನನಿಗೆ ಗಂಟು ಎಷ್ಟು ಬಿಸಿ ಇದ್ದರೂ ಸಾಲದು. "ಅತ್ಗೆ, ಇದೇನು ನಿನ್ನೆ ಸುಟ್ಟಿದ್ದಾ?" ಅಂತ ಕೆಣಕುವನು. ಆಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಬೀದಿಯಲ್ಲಿ ಅವನಷ್ಟು ಸಮನಾಗಿ ಸೀರೆಯ ಅಂಚು ತೆಗೆಯುವವರು ಕಡಿಮೆ. ಅವನು ನೇಯುವಾಗ ಮಗ್ಗದ ಸದ್ದು ಕೇಳಿಯೇ ನಾನು ಒಳಗೆ ಸೊಪ್ಪು ಹೆಚ್ಚುತ್ತಿದ್ದೆ, ಕೈ ತಾನಾಗಿ ಆ ತಾಳಕ್ಕೆ ಬೀಳುತ್ತಿತ್ತು.

ಮೂವತ್ತರ ದಶಕದ ಕೊನೆಯ ಒಂದು ವರ್ಷ, ಬಿಸಿಲು ಇಳಿಯುತ್ತಿದ್ದ ಕಾಲ. ಅವನ ಮೀನಖಂಡದ ಮೇಲೆ ಒಂದು ಕುರು ಎದ್ದಿತ್ತು. ಅವನೇ ಅದನ್ನು ಹಿಸುಕಿ, ಮೇಲೆ ಅರಿಶಿನ ಮೆತ್ತಿಕೊಂಡು ಮರೆತ. ಅದು ಒಣಗುತ್ತಾ ಬಂದಾಗ ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ಹೋಗಿ ನೋಡಿದರೆ ಗುಂಡಿಯ ಅಂಚಿನಲ್ಲಿ ಕೂತು ಬಲ ಮೊಣಕಾಲು ಹಿಡಿದುಕೊಂಡಿದ್ದಾನೆ. ಸಂಜೆ ಗಂಟು ಒತ್ತಲು ಹೋದರೆ ಕಾಲು ಎಳೆದುಕೊಂಡ.

"ಬೇಡ ಅತ್ಗೆ. ಬಟ್ಟೆ ತಾಕಿದ್ರೇ ಆಗಲ್ಲ."

ಅತ್ತೆ ನಕ್ಕರು. "ಕಲ್ಯಾಣ ಮಾಡ್ಕೊಳ್ಳೋ ಗಂಡು, ಉಪ್ಪಿನ ಗಂಟಿಗೆ ಎದರ್ತಾನೆ ನೋಡು. ಉಳುಕಿರ್ತದೆ. ಕಟ್ಟು ಕಟ್ಸಿದ್ರೆ ಸರಿಯಾಗ್ತದೆ."

ಬೀದಿಯ ಕೊನೆಯ ಮನೆಯವರು ಉಳುಕು, ಮುರಿತಗಳಿಗೆ ಕಟ್ಟು ಕಟ್ಟುತ್ತಿದ್ದರು. ಅವರೂ ನೇಕಾರರೇ. ನಮಗೆಲ್ಲ ಮಾವ. ಅವರು ಬಂದು, ಕಾಲನ್ನು ಹೆಚ್ಚು ಅಲುಗಿಸದೆ, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲೆಸಿ ಬಟ್ಟೆಗೆ ಬಳಿದು ಸುತ್ತಿ ಹೋದರು. ಅವರ ಕಟ್ಟಿಗೆ ಒಂದು ಕಟ್ಟಳೆ ಇತ್ತು: ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಮೂರನೆಯ ದಿನ. ಬೇರೆಯವರು ಬಿಚ್ಚಿದರೆ ಆ ಕಾಲು ಸೇರುವುದಿಲ್ಲ ಅಂತ ಬೀದಿಯಲ್ಲಿ ನಂಬಿಕೆ. ಅದನ್ನು ಮೀರಿದವರನ್ನು ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಹಾಸಿನ ನೂಲಿಗೆ ಗಂಜಿ ಹಾಕುವ ಸರದಿ. ನೇಕಾರರಲ್ಲದವರಿಗೆ ಇದನ್ನು ಹೇಳಬೇಕು. ಸೀರೆಯ ಉದ್ದದ ನೂಲನ್ನೆಲ್ಲ ಸೇರಿಸಿ ಹಾಸು ಅನ್ನುತ್ತೇವೆ. ಅದನ್ನು ಬಿಸಿಲೇರುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಬಳಿದು, ಉದ್ದನೆಯ ಕುಂಚದಿಂದ ಎರಡೂ ಕಡೆ ತಿಕ್ಕುತ್ತಾ ಒಣಗಿಸಬೇಕು. ನಡುವೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಹಾಸು ಹಾಳು. ಗಂಜಿ ಬಿದ್ದ ಮೇಲೆ ಮನೆಯಲ್ಲಿ ಏನೇ ಆಗಲಿ, ಕುಂಚ ಕೆಳಗಿಡುವಂತಿಲ್ಲ.

ನನ್ನ ಗಂಡ ಕುಂಚ ಹಿಡಿದು ಬೀದಿಯಲ್ಲಿದ್ದರು. ನಾನು ಮೈದುನನಿಗೆ ರಾಗಿ ಗಂಜಿ ಕೊಡಲು ಹೋದೆ. ಅವನು ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ಹಣೆ ಮುಟ್ಟಿದರೆ ಕೈ ಸುಡುವಂತಿತ್ತು. ಕಟ್ಟಿನ ಮೇಲೂ ಕೆಳಗೂ ಚರ್ಮ ಕೆಂಪಾಗಿ, ಹೊಳೆಯುವಷ್ಟು ಬಿಗಿದಿತ್ತು. ಇನ್ನೊಂದು ಮೊಣಕಾಲ ಮೇಲೆ ಕೈಯಿಟ್ಟೆ. ಅದು ಮೈಯಷ್ಟೇ ಬೆಚ್ಚಗಿತ್ತು. ಕಟ್ಟಿದ ಕಾಲಿನ ಶಾಖ ಬಟ್ಟೆ ದಾಟಿ ಬರುತ್ತಿತ್ತು.

"ನಡುಕ ಯಾವಾಗಿಂದ?"

"ಕೋಳಿ ಕೂಗೋಕೆ ಮುಂಚೆಯಿಂದ. ಒಳಗೆ ಏನೋ ಕುದಿಯೋ ಅಂಗೈತೆ ಅತ್ಗೆ. ಕಾಲು ಎತ್ತೂ ಆಗಲ್ಲ, ಮಡಿಸೂ ಆಗಲ್ಲ."

ಅತ್ತೆಗೆ ಹೇಳಿದೆ. ಅವರು ಗಂಜಿಯ ಹಂಡೆ ಕಲಕುತ್ತಾ, "ನೋವಿಗೆ ಜರ ಬಂದಿರ್ತದೆ. ಮೂರು ದಿನ ಕಟ್ಟು ಬಿಚ್ಚೋ ಅಂಗಿಲ್ಲ. ನಾಳೆ ಸಂತೆ ಬಂಡಿ ಓಗ್ತವೆ, ಆಗಲೂ ಜರ ಬಿಡದಿದ್ರೆ ಕಳ್ಸಾಣ" ಅಂದರು. ಅವರ ಮಾತಿನಲ್ಲಿ ಗಟ್ಟಿತನ ಇತ್ತು, ಆದರೆ ಕಲಕುವ ಕೈ ನಿಂತಿತ್ತು.

ನನಗೆ ವಾದ ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಟ್ಟು ಕಟ್ಟಿದ ಮಾವನ ಮನೆಗೇ ನಡೆದೆ. ಬಿಚ್ಚುವ ಹಕ್ಕು ಅವರದ್ದಾದರೆ ಅವರನ್ನೇ ಕೇಳೋಣ ಅಂತ. ಅವರು ಉಣ್ಣುತ್ತಿದ್ದವರು ಕೈ ತೊಳೆದು ಬಂದರು. ಹಣೆಯ ಮೇಲೆ, ಆಮೇಲೆ ಎರಡೂ ಮೊಣಕಾಲ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಿದರು. ಕಟ್ಟಿನ ಅಂಚಿಗೆ ನೀರು ಚಿಮುಕಿಸಿ ನೆನೆಸಿ ಬಿಚ್ಚಿದರು. ಒಳಗೆ ಮೊಣಚಿಪ್ಪು ಎಲ್ಲಿದೆಯೆಂದೇ ಗೊತ್ತಾಗದ ಹಾಗೆ ಊದಿತ್ತು.

"ನೆನ್ನೆ ಸಾಯಂಕಾಲ ಇಷ್ಟು ಇರಲಿಲ್ಲ, ಜರಾನೂ ಇರಲಿಲ್ಲ," ಅಂದರು ಅತ್ತೆಯ ಕಡೆ ತಿರುಗಿ. "ಉಳುಕಿಗೆ ಇಂಗೆ ನಡುಕ ಬರಲ್ಲ ಅಕ್ಕ. ಇದು ನನ್ ಕೈಲಿ ಆಗೋದಲ್ಲ. ಸೇಲಂ ಆಸ್ಪತ್ರೆಗೆ ಕರ್ಕೊಂಡೋಗಿ. ಉಡನೇ. ಇವತ್ತೇ."

ಅತ್ತೆ ಬಾಗಿಲಲ್ಲಿ ನಿಂತು, "ಆಸು ಬೀದೀಲೈತಲ್ಲಪ್ಪ, ದೊಡ್ಡೋನು ಎಂಗ್ ಬಿಟ್ ಬರ್ತಾನೆ?" ಅಂದರು.

ಮಾವ ಹೊರಗೆ ಹೋಗಿ ನನ್ನ ಗಂಡನ ಕೈಯಿಂದ ಕುಂಚ ತೆಗೆದುಕೊಂಡರು. "ನಿನ್ ಆಸು ನಾನು ನೋಡ್ಕೊತೀನಿ. ನೀನು ಬಂಡಿ ಕಟ್ಟು."

"ಎಳೆ ಅಂಟಿದ್ರೆ?"

"ಅಂಟಿದ್ರೆ ಬಿಡಿಸಾಣ ಕಣ್ಲಾ. ಕಾಲು ಅಂಟಿದ್ರೆ ಯಾರು ಬಿಡಿಸ್ತಾರೆ? ಓಗು."

ನಾನೂ ಜೊತೆಗೆ ಹೊರಟೆ. ಬಂಡಿಯಲ್ಲಿ ಹುಲ್ಲು ಹಾಸಿ, ಕಾಲಿನ ಎರಡು ಕಡೆಗೂ ನೂಲಿನ ಮೂಟೆ ಒತ್ತಿಟ್ಟು ಅಲುಗದ ಹಾಗೆ ಮಾಡಿದೆವು. ಆದರೂ ಗಾಲಿ ಕಲ್ಲು ಹತ್ತಿದಾಗಲೆಲ್ಲ ಅವನು ತುಟಿ ಕಚ್ಚುವನು. ದೊಡ್ಡ ರಸ್ತೆಯಲ್ಲಿ ಮೋಟಾರು ಬಸ್ಸು ನಿಲ್ಲಿಸಿದಾಗ ಕಂಡಕ್ಟರು ಗೊಣಗಿದ. ಆಮೇಲೆ ಕಾಲು ನೋಡಿ, ಹಿಂದಿನ ಸೀಟಿನವರನ್ನೆಲ್ಲ ತಾನೇ ಎಬ್ಬಿಸಿದ.

ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನವರು, ತಮಿಳಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಮೊಣಕಾಲಿಗಿಂತ ಮೊದಲು ಮೈಯೆಲ್ಲ ನೋಡಿದರು. ಎಲ್ಲಾದರೂ ಗಾಯ, ಹುಣ್ಣು, ಕುರು ಆಗಿತ್ತೇ ಅಂತ ಕೇಳಿದರು. ನಾನು ಮೀನಖಂಡ ತೋರಿಸಿದೆ. "ಇಲ್ಲಿಂದ ವಿಷ ರಕ್ತ ಸೇರಿ ಕೀಲಿನಲ್ಲಿ ಇಳಿದಿರಬಹುದು" ಅಂದರು.

ನನ್ನ ಗಂಡನಿಗೆ ಹಾಸಿನದೇ ಯೋಚನೆ. "ಸಾಮಿ, ಔಷಧ ಕೊಡಿ. ನಾಲ್ಕು ದಿನ ನೋಡಿ ಮತ್ತೆ ಬರ್ತೀವಿ" ಅಂದರು.

ಡಾಕ್ಟರು ಸಿಡುಕಲಿಲ್ಲ. ಒಂದು ಕೀಲು ಹೀಗೆ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು, ಜೊತೆಗೆ ಜ್ವರವೂ ಬಂದರೆ ಒಳಗೆ ಕೀವು ಇದೆಯೆಂದೇ ಮೊದಲು ಎಣಿಸಬೇಕು, ಇಲ್ಲ ಅಂತ ಕೀಲಿಗೆ ಹಾಕಿ ನೋಡಿದ ಸೂಜಿ ಹೇಳುವವರೆಗೂ, ಅಂದರು. ಬೇರೆ ಕಾರಣಕ್ಕೂ ಹೀಗೆ ಊದುವುದುಂಟು, ಹೊರಗಿನಿಂದ ನೋಡಿದರೆ ತಮಗೂ ಗೊತ್ತಾಗುವುದಿಲ್ಲವಂತೆ. ಎಲುಬಿನ ತುದಿಗಳ ಮೇಲೆ ನುಣ್ಣನೆಯ ಒಂದು ಹೊದಿಕೆ ಇರುತ್ತದೆ, ಕೀಲು ಆಡುವುದು ಅದರಿಂದ. ಕೀವು ಅದನ್ನು ಕೆಲವೇ ದಿನಗಳಲ್ಲಿ ತಿನ್ನುತ್ತದೆ, ತಿಂದದ್ದು ಮತ್ತೆ ಬೆಳೆಯುವುದಿಲ್ಲ. ವಿಷ ರಕ್ತದಲ್ಲೇ ಹರಡಿದರೆ ಆಳೇ ಹೋಗಬಹುದು. "ನಾಲ್ಕು ದಿನ ಬಿಟ್ಟು ಬಂದರೆ ಕಾಲು ಉಳಿಸಿ ಕೊಟ್ಟೇನು, ಮಡಿಸುವ ಕಾಲು ಕೊಡಲಾರೆ" ಅಂದರು.

ಮಡಿಸಲಾಗದ ಕಾಲು ಮಗ್ಗದ ಗುಂಡಿಗೆ ಇಳಿಯುವುದಿಲ್ಲ. ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಗಂಡ ತಲೆಯ ವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡು, "ಏನ್ ಬೇಕೋ ಮಾಡಿ ಸಾಮಿ" ಅಂದರು.

ಚರ್ಮ ಮರಗಟ್ಟಿಸಿ ದಪ್ಪ ಸೂಜಿ ಇಳಿಸಿದರು. ನಾನು ತಲೆ ಹಿಡಿದುಕೊಂಡಿದ್ದೆ. ಗಾಜಿನ ನಳಿಗೆಯಲ್ಲಿ ಏರಿ ಬಂದದ್ದನ್ನು ನೋಡಿ ನನಗೆ ಮನೆಯ ಹಂಡೆ ನೆನಪಾಯಿತು. ಹಳಸಿದ ಅಕ್ಕಿಗಂಜಿಯ ಹಾಗೆ ಕದಡಿದ, ಹಳದಿ ತಿರುಗಿದ ನೀರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಸ್ವಲ್ಪವನ್ನು ಪರೀಕ್ಷೆಗೆ ಎತ್ತಿಡಿಸಿ, "ನೋಡಿದಿರಾ" ಅಂದರು, ಅಷ್ಟೇ.

ಅಂದೇ ಸಂಜೆಯೊಳಗೆ ಕ್ಲೋರೋಫಾರಂ ಕೊಟ್ಟು ಕೀಲು ತೆರೆದು, ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮತ್ತೆ ಮತ್ತೆ ತೊಳೆದರಂತೆ. ಅದೇ ಉಪ್ಪು, ಅದೇ ಮೊಣಕಾಲು; ನಾವು ಹೊರಗಿನಿಂದ ಒತ್ತುತ್ತಿದ್ದೆವು. ಕಾಲನ್ನು ಉದ್ದನೆಯ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಇಟ್ಟರು. ಹೊಸದಾಗಿ ಬಂದಿದ್ದ ಕೆಂಪು ಮಾತ್ರೆ ನುಂಗಿಸಿದರು, ಮೂತ್ರವೂ ಕೆಂಪಾಗುತ್ತಿತ್ತು. ರಕ್ತ ಅಂತ ಅವನು ಹೆದರಿದ. ನರ್ಸಮ್ಮ ನಕ್ಕು, "ಬಣ್ಣ ಹಾಕೋ ಜನ, ಬಣ್ಣಕ್ಕೆ ಭಯಪಡ್ತೀರಾ?" ಅಂದರು.

ಜ್ವರ ಒಮ್ಮೆಗೇ ಇಳಿಯಲಿಲ್ಲ. ಇನ್ನೂ ಕೆಲವು ಸಲ ಸೂಜಿ ಹಾಕಿ ತೆಗೆದರು. ಪಕ್ಕದ ಹಾಸಿಗೆಯಲ್ಲಿ ಅದಿಯಮಾನ್‌ಕೋಟೆಯ ಒಬ್ಬ ರೈತರು. ಅವರಿಗೂ ಮೊಣಕಾಲೇ. ಹೊಲ ಕುಯ್ದು ಮುಗಿಸಿ ಬರೋಣ ಅಂತ ಕಾದಿದ್ದರಂತೆ. ಅವರ ಕಾಲು ಗುದ್ದಲಿಯ ಹಿಡಿಯ ಹಾಗೆ ನೇರ ನಿಂತಿತ್ತು. ಗಾಯ ಮಾಗಿದ ಮೇಲೆ ನನ್ನ ಮೈದುನನ ಕಾಲನ್ನು ಡಾಕ್ಟರು ದಿನವೂ ಸ್ವಲ್ಪ ಸ್ವಲ್ಪವೇ ಮಡಿಸುವಾಗ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಂದು ದಿನ ಮಾತ್ರ ಇತ್ತ ತಿರುಗಿ, "ಇನ್ನೂ ಸ್ವಲ್ಪ ಮಡಿಸು ತಂಬಿ, ಬರುತ್ತೆ" ಅಂದರು. ನನಗೆ ಅವರ ಮುಖ ಇನ್ನೂ ನೆನಪಿದೆ.

ಊರಿಗೆ ಬಂದಾಗ ಹಾಸು ಮಗ್ಗದ ಮೇಲೆ ಏರಿತ್ತು. ಒಂದು ಎಳೆಯೂ ಅಂಟಿರಲಿಲ್ಲ. ಕಟ್ಟಿನ ಮಾವ ಅದನ್ನು ಹೇಳಿಕೊಳ್ಳಲೂ ಇಲ್ಲ, ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ಡಾಕ್ಟರು ಅಪ್ಪಣೆ ಕೊಟ್ಟ ಮೇಲೆ ಒಂದು ಬೆಳಿಗ್ಗೆ ಮೈದುನ ಗುಂಡಿಯ ಅಂಚಿನಲ್ಲಿ ಕೂತ. ಎಡಗಾಲು ಇಳಿಯಿತು. ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಇಳಿಸಿದ.

"ಇಳೀತೇನ್ಲಾ?" ಅತ್ತೆ ಒಳಗಿಂದಲೇ ಕೇಳಿದರು. ನೋಡುವ ಧೈರ್ಯ ಇರಲಿಲ್ಲ ಅವರಿಗೆ.

"ಇಳೀತವ್ವ. ಕಾಲಿಗೆ ಅಲಗೆ ಸಿಕ್ತು."

ಅವನಿಗೆ ಮುಂದೆ ಪೂರ್ತಿ ಕುಕ್ಕರಗಾಲಲ್ಲಿ ಕೂರಲಾಗಲಿಲ್ಲ. ತುಳಿತವೂ ಮೊದಲಿನ ತಾಳದ್ದಲ್ಲ, ಬಲಗಾಲಿನದು ಒಂದು ಕ್ಷಣ ತಡ. ಸೊಪ್ಪು ಹೆಚ್ಚುವ ನನ್ನ ಕೈ ಆ ಹೊಸ ತಾಳವನ್ನೂ ಕಲಿಯಿತು.

ಉಪ್ಪಿನ ಬಾಣಲೆ ಸಂಜೆ ಎಂದಿನಂತೆ ಒಲೆಗೆ ಏರುತ್ತಿತ್ತು. ದುಡಿದ ಕಾಲಿನ ನೋವಿಗೆ ಅದು ಬೇಕೇ ಬೇಕು. ಆದರೆ ಅತ್ತೆ ಇದ್ದಷ್ಟು ದಿನ ಗಂಟು ಕೈಗೆತ್ತಿಕೊಳ್ಳುವ ಮೊದಲು ಅಂಗೈಯ ಹಿಂಬದಿಯನ್ನು ಹಣೆಗೆ ಒಮ್ಮೆ, ಒಂದೊಂದು ಮೊಣಕಾಲಿಗೂ ಒಮ್ಮೆ ಇಟ್ಟು ನೋಡುತ್ತಿದ್ದರು. ಅವಸರದವರು ಗೊಣಗಿದರೆ, "ಇರು, ಎರಡೂ ಒಂದೇ ತರ ಐತಾ ನೋಡ್ತೀನಿ" ಅನ್ನುವರು. ಎರಡೂ ಒಂದೇ ಹಾಗಿದ್ದರೆ ಮಾತ್ರ ಗಂಟು ಇಳಿಯುತ್ತಿತ್ತು.