ಐದು ಜಾಗ, ಆರು ಪದ

ಚೌಕಣ್ಣನ ಮಾತು ಬಿದ್ದುಹೋಯಿತು ಅಂತ ಫೋನ್ ಬಂದಾಗ ನನ್ನ ಬಾಯಿಂದ ಮೊದಲು ಹೊರಟ ಪ್ರಶ್ನೆ, "ಮುಂದಿನ ತಿಂಗಳ ಪುಟ ಮುಗಿಸಿದ್ನಾ?" ಎನ್ನುವುದು. ಆ ಕಡೆ ಇದ್ದದ್ದು ಅವನ ಮಗಳು. "ನಾಲ್ಕು ಪುಟ ಬಾಕಿ ಇದೆ ಚಿಕ್ಕಪ್ಪ," ಅಂದಳು. ವ್ಯಾಪಾರಿಗೆ ತಕ್ಕ ಉತ್ತರ ಕೊಡುವ ಹುಡುಗಿ.

ನನ್ನದು ಕಾಗದ, ನೋಟುಪುಸ್ತಕ, ಪೆನ್ನುಗಳ ಅಂಗಡಿ. ಅದರ ಜೊತೆಗೆ ತಿಂಗಳಿಗೊಂದು ತೆಳ್ಳನೆಯ ಪುಸ್ತಕ ಹೊರಡಿಸುತ್ತೇನೆ. ಅದರಲ್ಲಿ ಇರುವುದೆಲ್ಲ ಪದ ಕೂರಿಸುವ ಆಟ. ಪದಬಂಧದ ಹಾಗೆ ಸುಳಿವು ಗಿಳಿವು ಇಲ್ಲ. ಪದಗಳ ಪಟ್ಟಿಯನ್ನೇ ಕೊಟ್ಟಿರುತ್ತೇವೆ, ಪಕ್ಕದಲ್ಲಿ ಅಡ್ಡ ಉದ್ದ ಹಾಯುವ ಖಾಲಿ ಮನೆಗಳು. ಒಂದು ಮನೆಗೆ ಒಂದು ಅಕ್ಷರ, ಅದರ ಕೊಂಬು ಒತ್ತು ಸಮೇತ. ಪದಕ್ಕೆ ಎಷ್ಟು ಮನೆ ಬೇಕು, ಹಾಯುವ ಮನೆಯಲ್ಲಿ ಎರಡು ಪದಕ್ಕೂ ಒಂದೇ ಅಕ್ಷರ ಬರುತ್ತದಾ, ಇಷ್ಟೇ ಲೆಕ್ಕ. ಅರ್ಥ ಗೊತ್ತಿರಬೇಕಾಗಿಲ್ಲ. ಬಸ್ಸು ಕಾಯುವವರು, ಆಸ್ಪತ್ರೆಯಲ್ಲಿ ಸರದಿ ಕಾಯುವವರು ಕೊಳ್ಳುವುದೇ ಅದಕ್ಕೆ. ತಲೆಗೆ ಕೆಲಸ ಸಿಗುತ್ತದೆ, ಮನಸ್ಸಿಗೆ ರಜೆ.

ಇಪ್ಪತ್ತೆರಡು ವರ್ಷ ಆ ಮನೆಗಳನ್ನೆಲ್ಲ ಕಟ್ಟಿದವನು ಚೌಕಣ್ಣ. ಮೊದಲು ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆ ಹೆಸರಿನಿಂದ ರೇಷನ್ ಅಂಗಡಿಯವರು ಮಾತ್ರ ಕರೆಯುತ್ತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಕಿವಿಯ ಹಿಂದೆ ಎರಡು ಪೆನ್ಸಿಲು: ಕಪ್ಪು ಒಂದು, ಕೆಂಪು ಒಂದು. ಅವನಿಗಿದ್ದ ಹೆದರಿಕೆ ಒಂದೇ. ಒಂದು ಆಟಕ್ಕೆ ಎರಡು ಉತ್ತರ ಬರಬಾರದು. 'ಬಿರುಸು', 'ಮುನಿಸು' ಎರಡಕ್ಕೂ ಮೂರು ಮನೆ, ಎರಡರ ಕೊನೆಗೂ 'ಸು'. ಹಾಯುವುದು ಆ 'ಸು' ಒಂದರಲ್ಲೇ ಆದರೆ ಇದರ ಜಾಗದಲ್ಲಿ ಅದು, ಅದರ ಜಾಗದಲ್ಲಿ ಇದು ಕೂತುಬಿಡುತ್ತದೆ. ಓದುಗ ಒಂದು ಬರೆಯುತ್ತಾನೆ, ಉತ್ತರದ ಪುಟ ಇನ್ನೊಂದು ಹೇಳುತ್ತದೆ, ಬೈಗಳ ಕಾಗದ ನನಗೆ ಬರುತ್ತದೆ.

ಅಂಥ ಕಡೆ ಚೌಕಣ್ಣ ಒಂದು ಪದವನ್ನು ಪಟ್ಟಿಯಿಂದ ತೆಗೆದು ಬೇರೆ ಹಾಕುತ್ತಿದ್ದ. ಯಾವುದನ್ನು ತೆಗೆಯುವುದು? ಅದಕ್ಕೆ ಅರ್ಧ ದಿನ ಒದ್ದಾಡುತ್ತಿದ್ದ. "ಮುನಿಸು ಎಷ್ಟು ಚೆಂದದ ಪದ ಮಾರಾಯ, ಹೇಗೆ ಹೊಡೆದು ಹಾಕ್ಲಿ?" ಅಂತ ಅಂಗಡಿಗೆ ಬಂದು ಕೂತುಬಿಡುತ್ತಿದ್ದ. ಒಂದು ದಿನ ನನಗೆ ರೇಗಿಹೋಯಿತು. "ಕಲ್ಯಾಣಮಂಟಪ ನಡೆಸ್ತಿದೀಯಾ, ಚೆಂದ ನೋಡೋಕೆ? ಅಕ್ಷರಮಾಲೆಯಲ್ಲಿ ಯಾವುದು ಮೊದಲು ಬರತ್ತೋ ಅದಿರಲಿ. ಆಮೇಲೆ ಬಂದದ್ದಕ್ಕೆ ಗೆರೆ ಎಳಿ. ನನ್ನ ಅಂಗಡಿಯ ಸರದಿಯಲ್ಲೂ ಅದೇ ನ್ಯಾಯ," ಅಂದೆ. ಅವನು ಒಪ್ಪಿದ. ಅಂದಿನಿಂದ ಉಳಿಯುವ ಪದದಲ್ಲಿ ಬೇರೆ ಪದ ಹಾಯದ ಒಂಟಿ ಅಕ್ಷರವನ್ನು ಕೆಂಪಿನಲ್ಲಿ ಬರೆದು, ಇನ್ನೊಂದರ ಮೇಲೆ ಕೆಂಪು ಗೆರೆ ಎಳೆಯುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಯಿತು. ಈ ನಿಯಮ ನಮ್ಮಿಬ್ಬರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಯಾರಿಗೆ ಬೇಕು ಅದು?

ಆಸ್ಪತ್ರೆಯಿಂದ ಬಂದ ಚೌಕಣ್ಣ ಎಡಗೈಯ ಮನುಷ್ಯನಾಗಿದ್ದ. ಲಕ್ವ ಹೊಡೆದು ಬಲಭಾಗ ಪೂರ್ತಿ ಸತ್ತಿತ್ತು. ಮಾತು ಹೋಗಿದ್ದು ಅಷ್ಟೇ ಅಲ್ಲ, ನಾವಾಡಿದ್ದೂ ಅವನಿಗೆ ತಲುಪುತ್ತಿರಲಿಲ್ಲ. "ಚಮಚ ಕೊಡಿ" ಅಂದರೆ ಕಿಟಕಿ ನೋಡುತ್ತಿದ್ದ. ನೀರು ಬೇಕೋ ಹೊರಗೆ ಹೋಗಬೇಕೋ ತಿಳಿಯದೆ ಅವನ ಹೆಂಡತಿ, ನಮ್ಮ ಅತ್ತಿಗೆ, ಎರಡಕ್ಕೂ ಓಡಾಡುತ್ತಿದ್ದರು. ಹಾಸಿಗೆ ದಿನಕ್ಕೆ ಮೂರು ಸಲ ಬದಲಾಗುತ್ತಿತ್ತು. ಎತ್ತಿ ಕೂರಿಸಲು ಹೋಗಿ ಅವರ ಸೊಂಟ ಹಿಡಿಯಿತು.

ಒಂದು ದಿನ ಅತ್ತಿಗೆ ಅಂಗಡಿಗೇ ಬಂದರು, ಮುಖ ಅರಳಿತ್ತು. "ಸಾಹುಕಾರ್ರೇ, ನೋಡಿ ಇಲ್ಲಿ!" ನಮ್ಮ ಪುಸ್ತಕದ ಹಳೇ ಸಂಚಿಕೆ. ಎಡಗೈಯ ಸೊಟ್ಟ ಅಕ್ಷರದಲ್ಲಿ ಒಂದು ಪುಟ ಪೂರ್ತಿ ತುಂಬಿತ್ತು. ಒಂದೂ ತಪ್ಪಿಲ್ಲ. "ಎಲ್ಲಾ ತಿಳಿಯತ್ತೆ ಅವರಿಗೆ. ನಾಲಿಗೆ ಒಂದೇ ಕೈಕೊಟ್ಟಿರೋದು."

ಆಗಲೇ ಹೇಳಬೇಕಿತ್ತು. ಈ ಆಟಕ್ಕೆ ಅರ್ಥ ಬೇಡ ಅತ್ತಿಗೆ, ಮನೆ ಎಣಿಸಿ, ಅಕ್ಷರದ ಆಕಾರ ಹೊಂದಿಸಿದರೆ ಸಾಕು ಅಂತ. ಪುಸ್ತಕದ ಹಿಂಬದಿಯಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಮಾತು ಅದು. ಹೇಳಲಿಲ್ಲ. ಬದಲಿಗೆ, ಹೊಸ ಹುಡುಗಿಯೊಬ್ಬಳು ಕಟ್ಟಿಕೊಟ್ಟ ಪುಟಗಳನ್ನು ಮುಂದಿನ ವಾರದಿಂದ ಅವನ ಹಾಸಿಗೆಗೆ ಕಳಿಸತೊಡಗಿದೆ. ಎರಡು ಉತ್ತರ ಬರುವ ಕಡೆಯೆಲ್ಲ ಅವನ ಕೆಂಪು ಗೆರೆ ಬೀಳುತ್ತಿತ್ತು. ಅಷ್ಟು ಚೊಕ್ಕ ಪರೀಕ್ಷೆ ಮಾಡುವವರು ಪೇಟೆಯಲ್ಲಿ ಸಿಗುವುದಿಲ್ಲ.

ಮಗಳು ಮಾತ್ರ ಸೊಂಟ ನೋಡಿದಳು, ಪುಟ ನೋಡಲಿಲ್ಲ. "ಅಮ್ಮ, ಊರಾಚೆ ಆರೈಕೆಮನೆ ಇದೆ. ಎತ್ತೋಕೆ ಗಟ್ಟಿ ಜನ ಇದಾರೆ. ಹೀಗೇ ಬಿಟ್ರೆ ಮುಂದಿನ ತಿಂಗಳು ನಿನಗೂ ಒಂದು ಹಾಸಿಗೆ ಹಾಕ್ಬೇಕಾಗತ್ತೆ."

"ಅವರನ್ನ ಕೇಳದೆ ಹೇಗೆ ಸಾಗಿಸ್ತೀಯೇ? ಮೂಟೆಯಾ ಅವರು?"

"ಕೇಳೋದು ಹೇಗಮ್ಮ?"

"ಅವರ ಭಾಷೆಯಲ್ಲೇ ಕೇಳ್ತೀನಿ," ಅಂದರು ಅತ್ತಿಗೆ. "ಅವರೇನು ಹೇಳ್ತಾರೋ ಹಾಗೆ. ಆಮೇಲೆ ನೀನೂ ತಕರಾರು ಎತ್ತಬಾರದು, ನಾನೂ ಎತ್ತಲ್ಲ." ಮಗಳು ತಲೆಯಾಡಿಸಿದಳು. ಸಾಕ್ಷಿಗೆ ನನ್ನನ್ನು ಕರೆಸಿದರು.

ಭಾನುವಾರ ಬೆಳಿಗ್ಗೆ ಹೋದೆ. ಕೋಣೆಯಲ್ಲಿ ಫಿನಾಯಿಲ್ ವಾಸನೆ, ಕಬ್ಬಿಣದ ಮಂಚ, ಕಿಟಕಿಯಲ್ಲಿ ಒಣಗುವ ದುಪ್ಪಟಿ. ಅತ್ತಿಗೆ ನಾಲ್ಕು ದಿನ ಕೂತು ತಾವೇ ಒಂದು ಆಟ ಕಟ್ಟಿದ್ದರು. ಇಷ್ಟು ವರ್ಷ ಚೌಕಣ್ಣನಿಗೆ ಕಾಫಿ ತಂದಿಟ್ಟು ಪುಟದ ಮೇಲೆ ಬಗ್ಗಿ ನೋಡಿ ಕಲಿತದ್ದು. ಸೀಸದ ಗೆರೆಗಳು ನೆಟ್ಟಗಿದ್ದವು. ಪಟ್ಟಿಯಲ್ಲಿ ಆರು ಪದ: ಕನಸುಗಾರ, ತಿನಿಸು, ಗೆಳತಿ, ಮಲ್ಲಿಗೆ, ಆಮೇಲೆ ಇಲ್ಲಿ, ಕೊನೆಗೆ ಅಲ್ಲಿ. ಜಾಗ ಮಾತ್ರ ಐದು.

ನನಗೆ ಕಣ್ಣು ಹಾಯಿಸಿದ ಕೂಡಲೇ ತಿಳಿಯಿತು. 'ಇಲ್ಲಿ', 'ಅಲ್ಲಿ' ಎರಡಕ್ಕೂ ಎರಡೇ ಮನೆ, ಎರಡರ ಕೊನೆಗೂ 'ಲ್ಲಿ'. ಮೊದಲ ಮನೆಗೆ ಯಾವ ಪದವೂ ಹಾಯುವುದಿಲ್ಲ. ಅತ್ತಿಗೆಗೆ ಅದು ಪ್ರಶ್ನೆ. ಚೌಕಣ್ಣನಿಗೆ ಅದು ತಪ್ಪು.

"ಅತ್ತಿಗೆ..." ಅಂದೆ.

"ಸುಮ್ನಿರಿ, ಅವರ ಗಮನ ಕೆಡತ್ತೆ," ಅಂದರು. ನಾನು ಸುಮ್ಮನಾದೆ. ಸುಮ್ಮನಿರು ಅಂದಾಗ ಸುಮ್ಮನಿರುವುದು ಎಷ್ಟು ಹಗುರದ ಕೆಲಸ!

ಚೌಕಣ್ಣ ಕಪ್ಪು ಪೆನ್ಸಿಲು ಹಿಡಿದ. ಮೊದಲು ಎಲ್ಲಕ್ಕಿಂತ ಉದ್ದನೆಯ ಅಡ್ಡಸಾಲಿಗೆ ಹೋದ. ಐದು ಮನೆಯ ಪದ ಒಂದೇ, ಕನಸುಗಾರ. ಒಂದೊಂದೇ ಅಕ್ಷರ ಪಟ್ಟಿ ನೋಡಿ ಇಳಿಸಿದ. ಮೂರನೆಯ ಮನೆ 'ಸು'. ಅಲ್ಲಿಗೆ ಮೇಲಿನಿಂದ ಬಂದು ಮುಗಿಯುವ ಮೂರು ಮನೆಗೆ 'ಸು' ಕೊನೆಯದಾಗಿರುವ ಪದ ತಿನಿಸು. ತಿನಿಸಿನ 'ತಿ' ಮೇಲಿನ ಅಡ್ಡಸಾಲಿನ ಕೊನೆ, ಅಲ್ಲಿ ಗೆಳತಿ. ಗೆಳತಿಯ 'ಗೆ' ಮೇಲಿನಿಂದ ಇಳಿಯುವ ಇನ್ನೊಂದು ಸಾಲಿನ ಕೊನೆ, ಅಲ್ಲಿ ಮಲ್ಲಿಗೆ. ಸರಪಳಿಯ ಹಾಗೆ ಮೇಲಕ್ಕೆ ಹತ್ತಿದ. ಜೊಲ್ಲು ಹಾಳೆಯ ಮೇಲೆ ಬಿತ್ತು. ಅತ್ತಿಗೆ ಸೆರಗಿನಿಂದ ಒರೆಸಿ, "ನಿಧಾನವಾಗಿ, ಏನೂ ಅವಸರ ಇಲ್ಲ," ಅಂದರು.

ಮಲ್ಲಿಗೆಯ ನಡುವಿನ 'ಲ್ಲಿ' ಬಂತು. ಅದರ ಎಡಕ್ಕೆ ಒಂದೇ ಒಂದು ಖಾಲಿ ಮನೆ.

ಅವನ ಬೆರಳು ಪಟ್ಟಿಯಲ್ಲಿ ಇಳಿದು 'ಇಲ್ಲಿ' ಮೇಲೆ ನಿಂತಿತು. ಅತ್ತಿಗೆಯ ಕೈ ನನ್ನ ತೋಳನ್ನು ಹಿಡಿಯಿತು. ಬಳೆ ಒತ್ತಿದ ಗುರುತು ಸಂಜೆವರೆಗೂ ಇತ್ತು. ಬೆರಳು ಇನ್ನೂ ಒಂದು ಸಾಲು ಕೆಳಗಿಳಿದು 'ಅಲ್ಲಿ' ಮುಟ್ಟಿತು. ಮತ್ತೆ ಮೇಲೆ. ಮತ್ತೆ ಕೆಳಗೆ. ಚೌಕಣ್ಣನ ಹುಬ್ಬು ಗಂಟಾಯಿತು. ಆ ಗಂಟು ನನಗೆ ಗೊತ್ತು, ಇಪ್ಪತ್ತೆರಡು ವರ್ಷದ ಪರಿಚಯ. ಕಪ್ಪು ಪೆನ್ಸಿಲು ಕೆಳಗಿಟ್ಟು ಕೆಂಪಿಗೆ ಕೈಚಾಚಿದ.

ಖಾಲಿ ಮನೆಯಲ್ಲಿ ಕೆಂಪು 'ಅ' ಬರೆದ. ಪಟ್ಟಿಯಲ್ಲಿ 'ಇಲ್ಲಿ' ಮೇಲೆ ಗೆರೆ ಎಳೆದ. ನೇರ ಗೆರೆ, ಎಡಗೈ ಅಂತ ಹೇಳಲೇ ಆಗದಷ್ಟು ನೇರ. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿದ, ಇಷ್ಟು ವರ್ಷ ನನ್ನ ಗಲ್ಲಾದ ಮೇಲೆ ತಳ್ಳುತ್ತಿದ್ದ ಹಾಗೇ.

ಮಗಳು ಗೋಡೆಗೆ ತಿರುಗಿ ಮೂಗು ಒರೆಸಿಕೊಂಡಳು. ಗೆದ್ದವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ನನ್ನ ಸೊಂಟ ನೋಡಿ ಹೇಳಿದ್ರು," ಅಂದರು ಅತ್ತಿಗೆ ಕೊನೆಗೆ. "ನನಗೆ ಕಷ್ಟ ಆಗ್ತಿದೆ ಅಂತ ಗೊತ್ತಾಗಿದೆ. ಅದಕ್ಕೇ. ಅಲ್ವಾ ಸಾಹುಕಾರ್ರೇ?"

ನಾನು ಹಾಳೆ ಮಡಿಸಿದೆ. ಮಡಿಸಿದ ಮೇಲೂ ಮತ್ತೆ ಮಡಿಸಿದೆ.

ಬುಧವಾರ ಗಾಡಿ ಬಂತು. ಚೌಕಣ್ಣ ಮನೆಯ ಬಾಗಿಲು ದಾಟುವಾಗ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡುಬಿಟ್ಟ. ಗಾಡಿಯವನು ಒಂದೊಂದೇ ಬೆರಳು ಬಿಡಿಸಿದ. "ಎಲ್ಲರೂ ಹಿಡೀತಾರೆ ಅಮ್ಮ, ಬಿದ್ದೇನು ಅನ್ನೋ ಭಯ," ಅಂದ. ಅತ್ತಿಗೆ ನಂಬಿದರು.

ಎರಡು ವಾರ ಬಿಟ್ಟು ಆರೈಕೆಮನೆಗೆ ಹೋದೆ. ಉದ್ದದ ಹಾಲಿನಲ್ಲಿ ಹನ್ನೆರಡು ಮಂಚ, ಅವನದು ಏಳನೆಯದು. ಜೇಬಿನಲ್ಲಿ ನಾನೇ ಕಟ್ಟಿದ ಪುಟ್ಟ ಆಟವಿತ್ತು. 'ಹೊಸತು' ಎನ್ನುವ ಪದ, ಅದರ ನಡುವಿನ 'ಸ'ಕ್ಕೆ ಬಂದು ಮುಗಿಯುವ ಎರಡು ಮನೆ. ಪಟ್ಟಿಯಲ್ಲಿ ಮೊದಲು 'ರಸ' ಬರೆದಿದ್ದೆ, ಆಮೇಲೆ 'ಕಸ'. ಇದು ಬೇಕೋ ಅದು ಬೇಕೋ ಅಂದರೆ ಅರ್ಥ ತಿಳಿದ ಯಾವ ಮನುಷ್ಯನೂ ಕಸ ಆರಿಸುವುದಿಲ್ಲ. ಒಳಗೊಳಗೆ ನಾನೂ ಹಾರೈಸುತ್ತಿದ್ದೆ. ರಸವನ್ನೇ ಉಳಿಸಪ್ಪ, ನನ್ನ ತಲೆಯ ಮೇಲಿನ ಭಾರ ಇಳಿಸಪ್ಪ ಅಂತ.

ಅವನು ಹುಬ್ಬು ಗಂಟಿಕ್ಕಿದ. ಕೆಂಪು ಪೆನ್ಸಿಲು ತೆಗೆದುಕೊಂಡ. ಅಕ್ಷರಮಾಲೆಯಲ್ಲಿ ಮೊದಲು ಬರುವ ಕಸ ಉಳಿಯಿತು. ರಸದ ಮೇಲೆ ಗೆರೆ ಬಿತ್ತು. ಹಾಳೆ ನನ್ನ ಕಡೆ ಬಂತು.

ವಾಪಸು ಬರುವಾಗ ಆ ಹಾಳೆ ತೋರಿಸಿಯೇ ಬಿಡಬೇಕು ಅಂತ ಅತ್ತಿಗೆಯ ಮನೆಗೆ ಹೋದೆ. ಅವರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಅಕ್ಕಿ ಆರಿಸುತ್ತಿದ್ದರು. ಅವನು ಹಾಸಿಗೆ ಹಿಡಿದ ನಾಲ್ಕು ತಿಂಗಳಲ್ಲಿ ಮೊದಲ ಸಲ ಮುಖಕ್ಕೆ ನಿದ್ದೆ ಹತ್ತಿದ ಕಳೆ ಬಂದಿತ್ತು. ಆ ಭಾನುವಾರದ ಹಾಳೆಯನ್ನು ಅಂದೇ ನನ್ನಿಂದ ಈಸಿಕೊಂಡಿದ್ದರು, ಅದಕ್ಕೆ ಕಟ್ಟು ಹಾಕಿಸಿ ಖಾಲಿ ಮಂಚದ ಮೇಲಿನ ಗೋಡೆಗೆ ನೇತುಹಾಕಿದ್ದರು. ಗಾಜಿನ ಹಿಂದೆ ಕೆಂಪು 'ಅ'.

"ಅವರೇ ಬರೆದದ್ದು. ನಿಮ್ಮ ಕಣ್ಣೆದುರಿಗೇ ಅಲ್ವಾ? ನೀವೇ ನೋಡಿದ್ರಲ್ಲ?"

"ನೋಡಿದೆ," ಅಂದೆ.

ಇಷ್ಟು ವರ್ಷದ ವ್ಯಾಪಾರದಲ್ಲಿ ತೂಕ ಸರಿ ಇಟ್ಟೇ ಮೋಸ ಮಾಡುವುದನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಕಸದ ಹಾಳೆ ಜೇಬಿನಲ್ಲೇ ಉಳಿಯಿತು.

ಚೌಕಣ್ಣ ಏಳನೆಯ ಮಂಚದಲ್ಲಿ ಹನ್ನೊಂದು ತಿಂಗಳು ಇದ್ದು ಹೋದ. ಪುಸ್ತಕ ಈಗಲೂ ಹೊರಡುತ್ತಿದೆ. ಅಕ್ಷರಮಾಲೆಯಲ್ಲಿ ಮೊದಲು ಬಂದ ಪದಕ್ಕೆ ಜಾಗ ಎನ್ನುವ ನಿಯಮವನ್ನು ತೆಗೆದುಹಾಕಿದ್ದೇನೆ. ಒಂದು ಜಾಗಕ್ಕೆ ಎರಡು ಪದ ಬಂದರೆ ಹುಡುಗಿ ಪುಟವನ್ನು ನನಗೇ ಕಳಿಸುತ್ತಾಳೆ. ಗಲ್ಲಾದ ಮೇಲೆ ಅದನ್ನು ಹರಡಿಕೊಂಡು ಕೂರುತ್ತೇನೆ, ಗಿರಾಕಿಗಳು ಕಾಯುತ್ತಾರೆ. ಒಂದೊಂದಕ್ಕೆ ಅರ್ಧ ದಿನ ಹಿಡಿಯುತ್ತದೆ.