ಬಲಗಡೆಯ ಖಾಲಿ ಪಟ್ಟಿ

ನರಸೀಪುರದ ಶಾಲೆಯಲ್ಲಿ ಮೇಲಿನ ತರಗತಿಗಳಿಗೆ ಆಗ ನಾವಿಬ್ಬರೇ ಮೇಷ್ಟ್ರು. ನಾನು ಹೊಳೆಯಾಚೆಯ ಸೋಸಲೆಯವನು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೇ ಹೇಳುತ್ತಿತ್ತು, ನಾನೂ ಇಲ್ಲವೆನ್ನುತ್ತಿರಲಿಲ್ಲ. ಇನ್ನೊಬ್ಬ ನಂಜನಗೂಡಿನವನು. ದೊಡ್ಡ ಗಂಟಲು, ಪಂಚೆಯ ತುಂಬ ನಶ್ಯದ ಕಲೆ, ಬರೆದರೆ ಕಾಗೆ ಕಾಲು ಗುಬ್ಬಿ ಕಾಲು. ಇಂಥವನ ಪಾಠ ಮುಗಿದು ಗಂಟೆ ಹೊಡೆದರೂ ಹುಡುಗರು ಹಲಗೆಯ ಮುಂದೆ ನಿಂತು ತಮ್ಮತಮ್ಮಲ್ಲೇ ವಾದ ಮಾಡುತ್ತಿದ್ದರು. ನನ್ನ ಪಾಠ ಮುಗಿದರೆ ಕಟ್ಟು ಬಿಚ್ಚಿದ ಕರುಗಳ ಹಾಗೆ ಹೊರಗೆ ಓಡುತ್ತಿದ್ದರು. ಗೋಡೆಯಾಚೆ ಅವನ ತರಗತಿ ನಕ್ಕಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿಲ್ಲ.

ಹೆಡ್‌ಮೇಷ್ಟ್ರಿಗೆ ವಯಸ್ಸಾಗಿತ್ತು, ಇನ್ನೇನು ನಿವೃತ್ತರಾಗುವವರಿದ್ದರು. ನಮ್ಮಿಬ್ಬರಲ್ಲಿ ಒಬ್ಬನನ್ನು ಮೈಸೂರಿನ ತರಬೇತಿ ಶಾಲೆಗೆ ಕಳಿಸುತ್ತಾರೆ, ಹಿಂತಿರುಗಿ ಬಂದವನಿಗೆ ಆ ಕುರ್ಚಿ ಎಂದು ಸುದ್ದಿಯಾಯಿತು. ಯಾರೆಂದು ತೀರ್ಮಾನಿಸಲು ಇನ್ಸ್‌ಪೆಕ್ಟರು ಖುದ್ದು ಬರುವವರಿದ್ದರು. ಅವರು ಅದಕ್ಕೆ ಮುಂಚೆ ಬೇರೆ ಯಾವುದೋ ಊರಿನ ಶಾಲೆಯಲ್ಲಿ ಲಾಂದ್ರದ ಯಂತ್ರವಿಟ್ಟು, ಗಾಜಿನ ಚಿತ್ರಗಳನ್ನು ಬಟ್ಟೆಯ ಮೇಲೆ ಬಿಟ್ಟು ಪಾಠ ಹೇಳಿದ್ದನ್ನು ನೋಡಿಬಂದಿದ್ದರಂತೆ. ಹುಡುಗರು ಬಾಯಿಬಿಟ್ಟುಕೊಂಡು ನೋಡಿದರೇ ಹೊರತು ಕೇಳಿದ್ದಕ್ಕೆ ಒಬ್ಬನೂ ಉತ್ತರ ಹೇಳಲಿಲ್ಲವೆಂದು ಅವರಿಗೆ ಬೇಸರ. ಹಾಗಾಗಿ ನಮಗೆ ಬಂದ ಅಪ್ಪಣೆ ಹೀಗಿತ್ತು: ಚಿತ್ರಪಟವಿಲ್ಲ, ಯಂತ್ರವಿಲ್ಲ, ಕರಿಹಲಗೆ ಮತ್ತು ಸೀಮೆಸುಣ್ಣ ಮಾತ್ರ. ಹಲಗೆಯ ಮೇಲೆ ಏನು ಬರಬೇಕು, ಎಲ್ಲಿ ಬರಬೇಕು, ಯಾವುದರ ನಂತರ ಯಾವುದು ಎಂದು ಮೊದಲೇ ಯೋಚಿಸಿಕೊಂಡು ಬರಬೇಕು. ಇಬ್ಬರಿಗೂ ಒಂದೇ ಪಾಠ, ಕಪಿಲೆ ಕಾವೇರಿಯನ್ನು ಸೇರುವುದು. ಬೆಳಿಗ್ಗೆ ನಾನು, ಮಧ್ಯಾಹ್ನ ಬೇರೆ ಹುಡುಗರಿಗೆ ಅವನು.

ಕೇಳಿದ್ದರೆ ಅವನು ತನ್ನ ಹಲಗೆಯ ಗುಟ್ಟನ್ನೆಲ್ಲ ಹೇಳಿಬಿಡುತ್ತಿದ್ದ. ಬಾಯಿ ಕಟ್ಟುವ ಆಸಾಮಿಯಲ್ಲ. ಆದರೆ ನಾನು ಅವನನ್ನು ಕೇಳುವುದೇ? ಶಾಲೆ ಬಿಟ್ಟ ಮೇಲೆ ಅವನು ಅತ್ತ ಹೋಗುವುದನ್ನೇ ಕಾದು, ಕಿಟಕಿಯಿಂದ ಅವನ ಹಲಗೆಯನ್ನು ನೋಡತೊಡಗಿದೆ. ದಿನವೂ ಒಂದೇ ಕಟ್ಟು. ಮೇಲಿಂದ ಕೆಳಕ್ಕೆ ಎರಡು ಗೆರೆ ಎಳೆದು ಹಲಗೆಯನ್ನು ಮೂರು ಮಾಡುತ್ತಿದ್ದ. ಎಡಗಡೆ ಕಿರಿದಾದ ಪಟ್ಟಿಯಲ್ಲಿ ಅಂದಿನ ಹೊಸ ಮಾತುಗಳು, ಒಂದರ ಕೆಳಗೊಂದು. ನಡುವೆ ಅಗಲವಾದ ಜಾಗದಲ್ಲಿ ಪಾಠ. ಲೆಕ್ಕವಾದರೆ ಲೆಕ್ಕ, ಭೂಗೋಳವಾದರೆ ನಕ್ಷೆ. ಬಲಗಡೆಯ ಪಟ್ಟಿ ಮಾತ್ರ ಯಾವಾಗಲೂ ಖಾಲಿ. ಒರೆಸಿದ ಬಿಳಿ ಮಬ್ಬು ಬಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಸರಕು ಮುಗಿದಿರಬೇಕು ಇವನಿಗೆ, ಅಥವಾ ಸೋಮಾರಿತನ ಎಂದುಕೊಂಡು ನಾನು ಖುಷಿಪಟ್ಟೆ. ಅವನನ್ನು ಸೋಲಿಸುವ ಜಾಗ ಸಿಕ್ಕಿತೆನ್ನಿಸಿತು.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಇದ್ದಿಲು, ಗರಗದ ಸೊಪ್ಪು ಅರೆದು, ಕಪ್ಪೇರಲೆಂದು ಹಲಗೆಗೆ ನಾನೇ ಬಳಿದೆ. ಬೆಳಿಗ್ಗೆ ಬೇಗ ಬಂದು ಅದೇ ಎರಡು ಗೆರೆ ಎಳೆದೆ. ನಡುವಿನ ಜಾಗವನ್ನು ನಕ್ಷೆಗೆ ಬಿಟ್ಟು, ಹುಡುಗರೆದುರು ಗೆರೆ ತಪ್ಪದಿರಲೆಂದು ನದಿ ತಿರುಗುವ ಕಡೆಗಳಲ್ಲಿ ನನಗೆ ಮಾತ್ರ ಕಾಣುವಷ್ಟು ಸಣ್ಣ ಚುಕ್ಕೆಗಳನ್ನಿಟ್ಟೆ. ಬಲಗಡೆ ಹೊಳೆದಂಡೆಯ ಊರುಗಳ ಪಟ್ಟಿಯನ್ನು ಕಣ್ಣಿಗೊತ್ತಿಕೊಳ್ಳುವಂಥ ಅಕ್ಷರದಲ್ಲಿ ಬರೆದು, ಸುತ್ತ ಬಳ್ಳಿ ಬಿಡಿಸಿದೆ. ದೂರ ನಿಂತು ನೋಡಿ ಮೈಸೂರಿಗೆ ಹೋಗುವಾಗ ಯಾವ ಪೇಟ ಕಟ್ಟಿಕೊಳ್ಳಬೇಕೆಂದು ಸಹ ಯೋಚಿಸಿದೆ.

ಪಾಠ ಚೆನ್ನಾಗಿಯೇ ಹೊರಟಿತು. ಮೊದಲು ಉತ್ತರ ದಿಕ್ಕಿನ ಗುರುತು, ಆಮೇಲೆ ಮೇಲಿನಿಂದ ಇಳಿದು ಬರುವ ಕಾವೇರಿ, ಆಮೇಲೆ ನಂಜನಗೂಡಿನ ಕಡೆಯಿಂದ ಕಪಿಲೆ, ಎರಡೂ ಕೂಡುವಲ್ಲಿ ನಮ್ಮೂರು. ಹುಡುಗರು ಹೇಳಿದಂತೆ ನಾನು ಎಳೆದೆ. ಪಕ್ಕಕ್ಕೆ ನಿಂತು ಬರೆದೆ, ಹಲಗೆಗೆ ಅಡ್ಡವಾಗಲಿಲ್ಲ. ಸೋಸಲೆಯನ್ನು ಗುರುತಿಸಿ, ಅದು ಕಾವೇರಿಯ ಯಾವ ದಂಡೆ ಎಂದು ಕೇಳಿದೆ. ಹೆಮ್ಮರಗಾಲದ ಕಡೆಯ ಹುಡುಗನೊಬ್ಬ ಎದ್ದು ಬಲದಂಡೆ ಎಂದ. ನಕ್ಷೆಯಲ್ಲಿ ಅದು ನದಿಯ ಬಲಕ್ಕೇ ಇತ್ತಲ್ಲ, ತಪ್ಪೇನು ಅವನದು. ನೀರು ಹರಿಯುವ ಕಡೆ ಮುಖಮಾಡಿ ನಿಂತರೆ ಎಡಗೈಗೆ ಬರುವುದು ಎಡದಂಡೆ ಎಂದು ಬಾಯಲ್ಲಿ ಹೇಳಿದೆ. ಅವನು ಪಿಳಿಪಿಳಿ ನೋಡಿದ. ಇನ್ನೊಂದು ಸಲ ಹೇಳಿದೆ. ಉಳಿದವರೂ ಪಿಳಿಪಿಳಿ ನೋಡಿದರು.

"ಬರೆದು ತೋರಿಸಿ ಮೇಷ್ಟ್ರೇ," ಎಂದರು ಇನ್ಸ್‌ಪೆಕ್ಟರು.

ಎಲ್ಲಿ ಬರೆಯಲಿ? ನಡುವೆ ಬರೆದರೆ ನಕ್ಷೆ ಕೆಡುತ್ತದೆ, ಎಡಗಡೆ ಬೆರಳಗಲ ಜಾಗ. ಬಟ್ಟೆ ತೆಗೆದುಕೊಂಡು ನನ್ನ ಬಳ್ಳಿಯನ್ನೇ ಒರೆಸಲು ಹೋದೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿಕೊಂಡ: "ಸಾ, ಒರಸ್ಬ್ಯಾಡಿ ಸಾ, ಊರುಗಳ್ನ ಇನ್ನೂ ಬರ್ಕಂಡಿಲ್ಲ." ಆಗ ತಿಳಿಯಿತು, ಅರ್ಧ ತರಗತಿ ನದಿಯನ್ನು ನೋಡಿಯೇ ಇರಲಿಲ್ಲ, ತಲೆಬಗ್ಗಿಸಿ ನನ್ನ ಮುತ್ತಿನಂಥ ಅಕ್ಷರವನ್ನು ಸ್ಲೇಟಿಗೆ ಇಳಿಸುತ್ತಿತ್ತು. ಅರ್ಧ ಒರೆಸಿದ ಪಟ್ಟಿಯ ಮುಂದೆ ನಿಂತಿರುವಾಗಲೇ ಗಂಟೆ ಹೊಡೆಯಿತು.

ಮಧ್ಯಾಹ್ನ ಅವನ ತರಗತಿಯ ಹಿಂದೆ ಇನ್ಸ್‌ಪೆಕ್ಟರ ಪಕ್ಕದಲ್ಲಿ ನನ್ನನ್ನೂ ಕೂರಿಸಿದರು. ಅವನ ಕಾವೇರಿ ಹಾವಿಗೆ ಹೊಟ್ಟೆನೋವು ಬಂದ ಹಾಗೆ ಇತ್ತು. ಅವನೂ ಸೋಸಲೆಯನ್ನೇ ಕೇಳಿದ, ಅವನ ಹುಡುಗನೂ ಬಲದಂಡೆ ಎಂದ. ದೇವರೇ, ಇವನೂ ತೊದಲಲಿ ಎಂದು ನಾನು ಬೇಡಿಕೊಂಡೆ. ಅವನು ಬಲಗಡೆಯ ಖಾಲಿ ಪಟ್ಟಿಗೆ ಹೋಗಿ, ಕೆಳಮುಖವಾಗಿ ಹರಿಯುವ ಹೊಳೆ ಎಂದು ಎರಡು ಗೆರೆ, ಒಂದು ಬಾಣ, ನಡುವೆ ನಮ್ಮತ್ತ ಮುಖಮಾಡಿ ಕೈ ಚಾಚಿದ ಒಬ್ಬ ಮನುಷ್ಯನನ್ನು ಗೀಚಿದ. ಆಮೇಲೆ ಹುಡುಗನನ್ನು ಕರೆದು ಹಲಗೆಗೆ ಬೆನ್ನುಮಾಡಿ ನಿಲ್ಲಿಸಿದ. "ನೀರು ನಿನ್ನ ಬೆನ್ನಿಂದ ಬತ್ತಾ ಅದೆ ಕಣ್ಲಾ. ಈಗ ಎಡಗೈ ಚಾಚು."

ಹುಡುಗ ಕೈ ಚಾಚಿ, ತಿರುಗಿ ನೋಡಿದ. ಕೈ ಸೋಸಲೆಯ ಕಡೆಗಿತ್ತು. "ಎಡಕ್ಕೆ ಬತ್ತದೆ ಸಾ," ಎಂದ ಮೆಲ್ಲಗೆ.

ಅವನು ಗೀಚಿದ್ದನ್ನು ಒರೆಸಿ, ಎಡದಂಡೆ ಎಂಬ ಮಾತನ್ನು ಎಡಗಡೆ ಹೊಸ ಮಾತುಗಳ ಪಟ್ಟಿಗೆ ಸೇರಿಸಿದ. ಬಲಗಡೆ ಮತ್ತೆ ಖಾಲಿಯಾಯಿತು, ಮುಂದಿನ ತಪ್ಪಿಗೆ. ನಾನು ಕಿಟಕಿಯಿಂದ ದಿನವೂ ಕಂಡದ್ದು ಒರೆಸಿದ ಮೇಲಿನ ಹಲಗೆಯನ್ನು. ಪಾಠ ನಡೆಯುವಾಗ ಒಂದೇ ಒಂದು ಸಲ ಇಣುಕಿದ್ದರೆ ಸಾಕಿತ್ತು.

ಅವನು ಮೈಸೂರಿಗೆ ಹೋದ. ಹೋಗುವಾಗ ನನ್ನನ್ನು ತಬ್ಬಿಕೊಂಡು, ನಿಮ್ಮ ಅಕ್ಷರ ನನಗಿದ್ದಿದ್ದರೆ ಎಂದ. ಅದೂ ನನಗೆ ಉರಿಯಿತು.

ಅವನ ತರಗತಿ ನನ್ನ ಪಾಲಿಗೆ ಬಂತು. ಬೇರೆ ದಾರಿಯಿಲ್ಲದೆ ನಾನೂ ಬಲಗಡೆಯನ್ನು ಖಾಲಿ ಬಿಡಲು ಕಲಿತೆ. ಹುಡುಗರು ಎಲ್ಲಿ ಎಡವುತ್ತಾರೆಂದು ಮನೆಯಲ್ಲೇ ಲೆಕ್ಕ ಹಾಕಿ ಹೋಗುತ್ತಿದ್ದೆ. ನನ್ನ ತರಗತಿಯೂ ನಗತೊಡಗಿತು. ಮುಂದಿನ ವರ್ಷ ಇನ್ಸ್‌ಪೆಕ್ಟರು ಬಂದಾಗ ನಾನು ಭಿನ್ನರಾಶಿ ಹೇಳುತ್ತಿದ್ದೆ, ಒಂದು ರೊಟ್ಟಿಯನ್ನು ಬಲಗಡೆ ಬಿಡಿಸಿ, ಹುಡುಗನ ಕೈಯಲ್ಲೇ ಹೋಳು ಮಾಡಿಸಿ. ಆ ಪಾಠವನ್ನು ನಂಜನಗೂಡಿನವನು ಈ ಶಾಲೆಯಲ್ಲಿ ಎಂದೂ ಹೇಳಿರಲಿಲ್ಲ. ಇನ್ಸ್‌ಪೆಕ್ಟರು ಕೊನೆಯವರೆಗೂ ಕೂತಿದ್ದು, ಎದ್ದು ಬಂದು, ಆ ಮೇಷ್ಟ್ರು ಹಾಕಿಕೊಟ್ಟದ್ದನ್ನು ಚೆನ್ನಾಗಿ ಉಳಿಸಿಕೊಂಡಿದ್ದೀರಿ ಎಂದು ಬೆನ್ನು ತಟ್ಟಿದರು.

"ಈ ಪಾಠ ನನ್ನದು ಸ್ವಾಮಿ," ಎಂದೆ.

"ಪಾಠ ನಿಮ್ಮದೇ, ಯಾರು ಅಲ್ಲ ಅಂದರು? ಹಲಗೆ ಅವರದು," ಎಂದು ನಗುತ್ತಾ ಬಾಗಿಲ ಕಡೆ ನಡೆದರು. ಹುಡುಗರು ಮುಂದಿನ ಲೆಕ್ಕಕ್ಕೆ ಕಾಯುತ್ತಿದ್ದರು. ನಾನು ಬಟ್ಟೆ ತೆಗೆದುಕೊಂಡು ರೊಟ್ಟಿಯನ್ನು ಒರೆಸಿದೆ.